ಎರಡು ಹಂತದ ಡಿವಿಡೆಂಡ್ ಲೆಕ್ಕ: P3 ಯಾವ ವರ್ಷದ ಬೆಲೆ?

"ಈಗಿನ ಡಿವಿಡೆಂಡ್ 10 ರೂ., 3 ವರ್ಷ ಶೇ. 20 ಬೆಳವಣಿಗೆ, ಆಮೇಲೆ ಸದಾ ಶೇ. 6, ಬೇಕಾದ ಪ್ರತಿಫಲ ಶೇ. 12. ನನಗೆ ಶೇರಿನ ಇಂದಿನ ಬೆಲೆ 228.50 ಬಂತು, ಉತ್ತರ 251.78 ಅಂತಿದೆ. ಎಲ್ಲಿ ತಪ್ಪಿದೆ ಸರ್?"

ನೀವು ಕೊನೆಯ ಮೊತ್ತವನ್ನು, ಅಂದರೆ ಮೂರನೇ ವರ್ಷದ ಕೊನೆಯ ಶೇರು ಬೆಲೆಯಾದ P3 ಅನ್ನು, ನಾಲ್ಕು ವರ್ಷಕ್ಕೆ ಡಿಸ್ಕೌಂಟ್ ಮಾಡಿದ್ದೀರಿ. 305.28 ಅನ್ನು 1.12ರ ನಾಲ್ಕನೇ ಘಾತದಿಂದ ಭಾಗಿಸಿದರೆ 194.01, ಅದಕ್ಕೆ 34.49 ಕೂಡಿಸಿದರೆ ನಿಮ್ಮ 228.50 ಸರಿಯಾಗಿ ಬರುತ್ತದೆ.

ಮೊದಲ ಮೂರು ಡಿವಿಡೆಂಡ್ 12, 14.40, 17.28. ಇವುಗಳ ಇಂದಿನ ಮೌಲ್ಯ 34.49, ಅಲ್ಲಿ ನೀವು ಸರಿಯಾಗಿಯೇ ಇದ್ದೀರಿ. ಆಮೇಲಿನದ್ದು ಹೀಗೆ:

```
D4 = 17.28 × 1.06 = 18.3168
P3 = D4 / (0.12 − 0.06) = 305.28
305.28 / 1.12^3 = 217.29
34.49 + 217.29 = 251.78
```

ಸೂತ್ರದಲ್ಲಿ D4 ಕಂಡ ತಕ್ಷಣ ನಾಲ್ಕನೇ ವರ್ಷ ಅನ್ನಿಸುವುದು ಸಹಜ, ನಾನೂ ಎಡವಿದ್ದೇನೆ. ಆದರೆ ಈ ಸೂತ್ರ ಯಾವಾಗಲೂ ಡಿವಿಡೆಂಡ್ ಕೈಗೆ ಬರುವ ಒಂದು ವರ್ಷ ಮೊದಲಿನ ಬೆಲೆಯನ್ನು ಕೊಡುತ್ತದೆ. ಮೂರನೇ ವರ್ಷದ ಕೊನೆಗೆ 17.28 ಪಡೆದು, ಆಗಲೇ ಶೇರನ್ನು 305.28ಕ್ಕೆ ಮಾರಿದಿರಿ ಎಂದುಕೊಳ್ಳಿ. ಎರಡಕ್ಕೂ ಮೂರೇ ವರ್ಷದ ಡಿಸ್ಕೌಂಟ್.

ಪರೀಕ್ಷೆಗೆ ಇಷ್ಟು ಸಾಕು. ನಿಜವಾದ ಶೇರಿಗೆ ಹಾಕುವುದಾದರೆ ಒಂದು ಗಮನಿಸಿ: 251.78ರಲ್ಲಿ ಸುಮಾರು ಶೇ. 86 ಭಾಗ ಆ ಕೊನೆಯ ಮೊತ್ತದ್ದೇ. ಶೇ. 6ರ ಬದಲು 7 ಹಾಕಿ ನೋಡಿ, ಬೆಲೆ 297.70ಕ್ಕೆ ಜಿಗಿಯುತ್ತದೆ. ಸ್ಥಿರ ಬೆಳವಣಿಗೆ ದರ 12ಕ್ಕೆ ಹತ್ತಿರವಾದಷ್ಟೂ ಛೇದ ಸಣ್ಣದಾಗಿ ಉತ್ತರ ಊದಿಕೊಳ್ಳುತ್ತದೆ. 12 ಮುಟ್ಟಿದರೆ ಸೂತ್ರಕ್ಕೆ ಅರ್ಥವೇ ಇಲ್ಲ.