ಲೇಖಕರ ಪರಿಚಯದಲ್ಲಿ ಲೇಖಕನೇ ಕಾಣದಿದ್ದಾಗ

ಪ್ರಶ್ನೆ: ನನ್ನ ಮೊದಲ ಕಥಾಸಂಕಲನಕ್ಕೆ ಲೇಖಕರ ಪರಿಚಯ ಬರೆದುಕೊಂಡಿದ್ದೇನೆ. ಓದಿದರೆ ಯಾರದೋ ಪರಿಚಯದಂತಿದೆ. ಹೇಗೆ ತಿದ್ದಲಿ?

ನಾನು ಸಣ್ಣ ಪ್ರಕಾಶನವೊಂದಕ್ಕೆ ಕರಡು ತಿದ್ದುತ್ತೇನೆ. ಶಿವಮೊಗ್ಗದ ಕಥೆಗಾರರೊಬ್ಬರು ಒಮ್ಮೆ ಕಳುಹಿಸಿದ್ದ ಪರಿಚಯ ಹೀಗಿತ್ತು: ‘ಮಲೆನಾಡಿನವರಾದ ಇವರು ಬಾಲ್ಯದಿಂದಲೂ ಸಾಹಿತ್ಯದಲ್ಲಿ ಅಪಾರ ಆಸಕ್ತಿ ಹೊಂದಿದ್ದು, ಪ್ರಸ್ತುತ ಖಾಸಗಿ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದಾರೆ. ಇವರ ಕಥೆಗಳು ನಾಡಿನ ವಿವಿಧ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಓದು, ಪ್ರವಾಸ ಇವರ ಹವ್ಯಾಸಗಳು.’ ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ‘ಮಲೆನಾಡು’ ಎಂಬುದನ್ನು ತೆಗೆದು ‘ಕರಾವಳಿ’ ಎಂದು ಬರೆದರೆ, ಅದೇ ತಿಂಗಳು ನಮ್ಮಲ್ಲಿ ಅಚ್ಚಾಗುತ್ತಿದ್ದ ಇನ್ನೊಬ್ಬರ ಪುಸ್ತಕಕ್ಕೂ ಅದು ಹಾಗೆಯೇ ಹೊಂದುತ್ತಿತ್ತು. ನಿಮ್ಮ ಕರಡಿನ ಒಂದೊಂದು ವಾಕ್ಯದ ಮುಂದೆಯೂ ನಿಮಗೆ ಗೊತ್ತಿರುವ ಬೇರೊಬ್ಬ ಬರಹಗಾರರ ಹೆಸರಿಟ್ಟು ಓದಿ. ಎಲ್ಲಿ ಅದು ಸಲೀಸಾಗಿ ಕೂರುತ್ತದೆಯೋ ಅಲ್ಲಿಂದ ತಿದ್ದಲು ತೊಡಗಿ.

ನಾನು ಆ ಶಿವಮೊಗ್ಗದ ಕಥೆಗಾರರಿಗೆ ಫೋನ್ ಮಾಡಿ, ‘ಆಸಕ್ತಿಯ ವಿಷಯ ಬಿಡಿ, ಬೆಳಿಗ್ಗೆ ಕೆಲಸಕ್ಕೆ ಹೋದಾಗ ಮೊದಲು ಏನು ಮಾಡ್ತೀರಿ?’ ಎಂದು ಕೇಳಿದೆ. ಆಗ ತಿಳಿಯಿತು, ಆ ‘ಖಾಸಗಿ ಸಂಸ್ಥೆ’ ಎಂದರೆ ಅಡಿಕೆ ಮಂಡಿ. ಅವರು ಅಲ್ಲಿ 14 ವರ್ಷಗಳಿಂದ ಲೆಕ್ಕ ಬರೆಯುವವರು. ಕಥೆಗಳನ್ನು ಯಾವಾಗ ಬರೆಯುತ್ತೀರಿ ಎಂದದ್ದಕ್ಕೆ, ತೂಕಕ್ಕೆ ಕಾಯುತ್ತ ಕುಳಿತ ಬೆಳೆಗಾರರು ಆಡುವ ಮಾತುಗಳನ್ನು ರದ್ದಾದ ಬಿಲ್ಲುಗಳ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ ಎಂದರು, ಸ್ವಲ್ಪ ನಾಚಿಕೆಯಿಂದಲೇ. ನಾಚಿಕೆಯಿಂದ ಹೇಳುವ ಇಂಥ ಸಂಗತಿಯೇ ಪರಿಚಯಕ್ಕೆ ಹೆಚ್ಚಾಗಿ ಒದಗುತ್ತದೆ ಎಂಬುದು ನನ್ನ ಅನುಭವ. ಕೊನೆಗೆ ಪರಿಚಯ ಹೀಗಾಯಿತು: ‘ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ 14 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದಾರೆ. ರಾಶಿ, ಬೆಟ್ಟೆ, ಗೊರಬಲು ಅಡಿಕೆಗಳ ದರದ ನಡುವೆ ಕೇಳಿದ ಮಾತುಗಳಿಂದ ಹುಟ್ಟಿದ ಈ ಕಥೆಗಳಲ್ಲಿ ಐದನ್ನು ಮೊದಲು ಬರೆದದ್ದು ರದ್ದಾದ ಬಿಲ್ಲುಗಳ ಹಿಂಬದಿಯಲ್ಲಿ.’

ಇಲ್ಲಿ ವಿವರಗಳು ಹೆಚ್ಚೇನೂ ಇಲ್ಲ ಎಂಬುದನ್ನು ಗಮನಿಸಿ. ಮಂಡಿ ಮತ್ತು ಬಿಲ್ಲು ಎರಡೂ ಕಥೆಗಳ ಕಡೆಗೇ ಕೈ ತೋರಿಸುತ್ತವೆ. ಅವರ ಬೆಕ್ಕು, ಬೈಕು, ಫಿಲ್ಟರ್ ಕಾಫಿಯ ಮೋಹ ಇವೆಲ್ಲ ನಿಜವೇ ಆಗಿದ್ದರೂ ಬಿಟ್ಟೆವು, ಏಕೆಂದರೆ ಕಾಫಿಯ ಮೋಹವೂ ‘ಅಪಾರ ಆಸಕ್ತಿ’ಯಷ್ಟೇ ಎಲ್ಲರಿಗೂ ಸಲ್ಲುವ ಮಾತು. ಮನೆಯ ವಿಳಾಸ, ಮಕ್ಕಳ ಶಾಲೆಯಂಥವನ್ನು ಹೇಗೂ ಹಾಕಬಾರದು.

ಒಂದು ತಪ್ಪು ನನ್ನಿಂದಲೂ ಆಗಿತ್ತು. ‘ಅಡಿಕೆಯ ಜಾತಿಯನ್ನು ಕಣ್ಣು ಮುಚ್ಚಿ ಮುಟ್ಟಿಯೇ ಹೇಳಬಲ್ಲರು’ ಎಂಬ ಸಾಲನ್ನು ಅಂದಕ್ಕೆಂದು ಸೇರಿಸಿದ್ದೆ. ಅವರು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಮಂಡಿಯವರು ಓದಿದರೆ ನಗುತ್ತಾರೆ’ ಎಂದು ಬರೆದು ಕಳುಹಿಸಿದರು. ನಿಮ್ಮ ಕರಡನ್ನೂ ಅಚ್ಚಿಗೆ ಕೊಡುವ ಮುನ್ನ ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ ತೋರಿಸಿ.