ಎರಡು ತುಂಡಿನ ಕೋಟು ತೋಳು: ವೆಂಟ್ ಬಾಯಿ ಬಿಡದಂತೆ ಡ್ರಾಫ್ಟ್ ಹಾಕುವುದು

ಪ್ರಶ್ನೆ: "ತಮ್ಮನಿಗೆ ಕೋಟು ಹೊಲಿಯುತ್ತಿದ್ದೇನೆ. ಎದೆ 38, ಮೈ ಭಾಗದ ಟ್ರಯಲ್ ಮುಗಿದಿದೆ, ಆರ್ಮ್‌ಹೋಲ್ 20 ಇಂಚು. ತೋಳು ಎರಡು ತುಂಡಿನದ್ದು ಬೇಕು, ತುದಿಯಲ್ಲಿ ನಿಜವಾಗಿ ಬಿಚ್ಚಿ ಹಾಕುವ ನಾಲ್ಕು ಗುಂಡಿ. ಹೋದ ಸಲ ಹೊಲಿದಾಗ ವೆಂಟ್ ಬಾಯಿ ಬಿಟ್ಟುಕೊಂಡೇ ನಿಂತಿತ್ತು. ಡ್ರಾಫ್ಟ್ ಹೇಗೆ ಹಾಕಬೇಕು?"

ವೆಂಟ್ ಬಾಯಿ ಬಿಟ್ಟರೆ ಎಲ್ಲರೂ ಹೊಲಿಗೆಯನ್ನು ಬೈಯುತ್ತಾರೆ. ನಾನು ಮೊದಲು ಕಾಗದವನ್ನು ನೋಡುತ್ತೇನೆ. ವೆಂಟ್ ಅಂದರೆ ತೋಳಿನ ತುದಿಯಲ್ಲಿ ಗುಂಡಿ ಹಾಕುವ ಸೀಳು, ಅದು ಕೂರುವುದು ತೋಳಿನ ಹಿಂದಿನ ಹೊಲಿಗೆ ಮೇಲೆ. ಅಲ್ಲಿ ಬಟ್ಟೆಯನ್ನು ಮಡಚಿ ಅಂಚು ಮಾಡುತ್ತೇವೆ, ಅಲ್ವಾ? ಬಾಗಿದ ಗೆರೆ ಮೇಲೆ ಬಟ್ಟೆ ಚಪ್ಪಟೆಯಾಗಿ ಮಡಚುವುದಿಲ್ಲ. ಆದ್ದರಿಂದ ಹಿಂದಿನ ಗೆರೆಯ ಕೊನೆಯ ಐದು ಇಂಚು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಇರಬೇಕು. ಕೆಳಗಿನ ಅಂಚು ಆ ಗೆರೆಗೆ ಎಲ್ ಸ್ಕೇಲ್ ಇಟ್ಟ ಹಾಗೆ ಕೂಡಬೇಕು. ಇವೆರಡು ಸರಿ ಇದ್ದರೆ ಗುಂಡಿ ಹಾಕದಿದ್ದರೂ ವೆಂಟ್ ಮುಚ್ಚಿಕೊಂಡೇ ನಿಲ್ಲುತ್ತದೆ. ಅದಕ್ಕೇ ತುದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಡ್ರಾಫ್ಟ್ ಶುರು ಮಾಡೋಣ. ನಿಮ್ಮ ಅಳತೆಯಲ್ಲೇ ಹೇಳುತ್ತೇನೆ, ಇದೇ ಪ್ರಶ್ನೆಯ ಕೆಳಗೆ ನನಗಿಂತ ಮೊದಲು ಬೇರೆಯವರು ಬರೆದ ಮಾತುಗಳಿಗೂ ನಡುನಡುವೆ ಉತ್ತರ ಕೊಡುತ್ತೇನೆ. ತೋಳಿನ ಉದ್ದ 24½, ತುದಿಯ ಸುತ್ತಳತೆ 11 ಅಂತ ಹಿಡಿದಿದ್ದೇನೆ. ತಮ್ಮನ ಅಳತೆ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ. ಎಲ್ಲವೂ ಹೊಲಿಗೆ ಗೆರೆಯ ಅಳತೆ, ಮಾರ್ಜಿನ್ ಆಮೇಲೆ.

ತೋಳನ್ನು ಚಪ್ಪಟೆ ಮಡಚಿಟ್ಟ ಹಾಗೆ ಬರೆಯಿರಿ. ಕೈಯ ಹೊರಮೈಗೆ ಬರುವುದು ಮೇಲಿನ ತುಂಡು, ಮೈಯ ಕಡೆ ಅಡಿಗೆ ಬರುವುದು ಕೆಳಗಿನ ತುಂಡು, ಎರಡೂ ಭುಜದಿಂದ ತುದಿವರೆಗೆ ಹೋಗುತ್ತವೆ. 7¾ ಇಂಚು ಅಂತರದಲ್ಲಿ ಎರಡು ಉದ್ದ ಗೆರೆ, ಎಡಗಡೆಯದು ಮುಂದಿನದು, ಬಲಗಡೆಯದು ಹಿಂದಿನದು. ಮೇಲಿನ ಅಡ್ಡಗೆರೆಯಿಂದ 6½ ಕೆಳಗೆ ಕಂಕುಳ ಗೆರೆ, 14½ ಕೆಳಗೆ ಮೊಣಕೈ ಗೆರೆ, 24½ ಕೆಳಗೆ ತುದಿಯ ಗೆರೆ. ಮುಂದಿನ ಗೆರೆಯನ್ನು ಮೊಣಕೈ ಹತ್ತಿರ ¾ ಇಂಚು ಒಳಕ್ಕೆ ಬಾಗಿಸಿ, ತುದಿಯಲ್ಲಿ ಮತ್ತೆ ಅದೇ ಗೆರೆಗೆ ತನ್ನಿ. ಅಲ್ಲಿಂದ ಹಿಂದಕ್ಕೆ 5½ ಗುರುತು ಹಾಕಿ, ಅದು ತುದಿಯ ಅರ್ಧ ಅಗಲ. ಹಿಂದಿನ ಗೆರೆ ಕಂಕುಳಿನಿಂದ ನೇರ ಇಳಿದು, ಮೊಣಕೈಯಲ್ಲಿ ¼ ಒಳಕ್ಕೆ ಬಂದು, ಆ 5½ರ ಗುರುತಿಗೆ ಸೇರಲಿ. ಮೊಣಕೈ ಹತ್ತಿರ ಮೆತ್ತಗೆ ತಿರುಗಿಸಿ, ಕೊನೆಯ ಐದು ಇಂಚು ಮಾತ್ರ ಸ್ಕೇಲಿನಲ್ಲೇ ಎಳೆಯಿರಿ.

ಈಗ ತುದಿ. ಹಿಂದಿನ ಗೆರೆ ಓರೆಯಾಗಿ ಬಂದಿರುವುದರಿಂದ ತುದಿಯನ್ನು ಮಟ್ಟಸವಾಗಿ ಬಿಟ್ಟರೆ ಮೂಲೆ ಸರಿ ಬರುವುದಿಲ್ಲ. ಮುಂದೆ ½ ಇಂಚು ಮೇಲೆತ್ತಿ, ಹಿಂದೆ ½ ಇಂಚು ಕೆಳಗಿಳಿಸಿ, ಎರಡನ್ನೂ ಸೇರಿಸಿ. ಎಲ್ ಸ್ಕೇಲ್ ಇಟ್ಟು ನೋಡಿ, ಹಿಂದಿನ ಮೂಲೆ ಹೆಚ್ಚುಕಡಿಮೆ ಕೂಡುತ್ತದೆ. ಸ್ವಲ್ಪ ತಪ್ಪಿದರೆ ಅಂಚಿನ ಗೆರೆಯನ್ನೇ ತಿದ್ದಿ, ಹಿಂದಿನ ಗೆರೆಯನ್ನು ಮುಟ್ಟಬೇಡಿ. ಹೋದ ಸಲದ ಡ್ರಾಫ್ಟ್ ಇದ್ದರೆ ತೆಗೆದು ಇದೇ ಜಾಗ ನೋಡಿ. ಅಂಚನ್ನು ಮಟ್ಟಸವಾಗಿ ಬಿಟ್ಟಿದ್ದೀರಿ ಅಂತ ನನ್ನ ಅನುಮಾನ.

ಮೇಲೆ ಕ್ಯಾಪ್, ಅಂದರೆ ಆರ್ಮ್‌ಹೋಲಿಗೆ ಕೂರುವ ತೋಳಿನ ಗುಂಡನೆಯ ತಲೆಭಾಗ. ಮುಂದಿನ ಗೆರೆಯಲ್ಲಿ ಕಂಕುಳ ಗೆರೆಯಿಂದ 1 ಇಂಚು ಮೇಲೆ ಒಂದು ಗುರುತು, ಹಿಂದಿನ ಗೆರೆಯಲ್ಲಿ 4 ಇಂಚು ಮೇಲೆ ಇನ್ನೊಂದು. ಮುಂದಿನ ಗುರುತಿನಿಂದ ಹೊರಟು, ಅಗಲದ ನಡುವೆ ಮೇಲಿನ ಗೆರೆಯನ್ನು ಮುಟ್ಟಿ, ಹಿಂದಿನ ಗುರುತಿಗೆ ಇಳಿಯುವ ಗುಂಡನೆಯ ಗೆರೆ ಮೇಲಿನ ತುಂಡಿನದು. ಅದೇ ಎರಡು ಗುರುತುಗಳ ನಡುವೆ, ಮುಂದಿನಿಂದ ಸುಮಾರು 3 ಇಂಚಿನಲ್ಲಿ ಕಂಕುಳ ಗೆರೆಯನ್ನು ಮುಟ್ಟಿ ಹೋಗುವ ತಗ್ಗು ಗೆರೆ ಕೆಳಗಿನ ತುಂಡಿನದು. ತಗ್ಗನ್ನು ಅಂದಾಜಿನಲ್ಲಿ ಎಳೆಯಬೇಡಿ. ಮೈ ಪ್ಯಾಟರ್ನಿನ ಕಂಕುಳ ಭಾಗವನ್ನು ಅಡಿಯಲ್ಲಿಟ್ಟು ಅದರ ಆಕಾರವನ್ನೇ ಹಿಡಿಯಿರಿ.

ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಎರಡನ್ನೂ ಅಳೆಯಿರಿ. ಕೆಳಗಿನದು 9¾, ಮೇಲಿನದು 11¾ ಹತ್ತಿರ ಬರಬೇಕು. ಒಟ್ಟು 21½, ಅಂದರೆ ಆರ್ಮ್‌ಹೋಲಿಗಿಂತ 1½ ಜಾಸ್ತಿ. ಈ ಜಾಸ್ತಿ ಎಲ್ಲವೂ ಮೇಲಿನ ತುಂಡಿನಲ್ಲೇ ಇರಬೇಕು, ಕಂಕುಳಲ್ಲಿ ಒಂದಿಷ್ಟೂ ಬೇಡ. ಅದಕ್ಕೆ ಮೈ ಆರ್ಮ್‌ಹೋಲಿನಲ್ಲಿ ಮುಂದಿನ ಗುರುತು ಹಾಕಿ, ಕಂಕುಳ ಸುತ್ತ 9¾ ಅಳೆದು ಹಿಂದಿನ ಗುರುತು ಹಾಕಿ. ಉಳಿದ 10¼ಕ್ಕೆ ಮೇಲಿನ 11¾ ಕೂರಬೇಕು. ಜಾಸ್ತಿ ಬಂದರೆ ಕ್ಯಾಪಿನ ನೆತ್ತಿಯನ್ನು ಕಾಲು ಇಂಚು ಇಳಿಸಿ ಮತ್ತೆ ಅಳೆಯಿರಿ.

ಕ್ಯಾಪಿನ ಈ ಜಾಸ್ತಿಯ ಬಗ್ಗೆ ಮೇಲೆ ಒಬ್ಬ ಅಣ್ಣ "ಕೋಟಿಗೆ ಯಾವಾಗಲೂ ಎರಡು ಇಂಚು ಲೂಸ್ ಬಿಡಿ" ಅಂದಿದ್ದಾರೆ. ಒಳ್ಳೆ ಉಣ್ಣೆ ಬಟ್ಟೆಗೆ ಆ ಮಾತು ನಡೆಯುತ್ತದೆ. ಉಣ್ಣೆಯನ್ನು ಹಬೆ ಇಸ್ತ್ರಿಯಲ್ಲಿ ಕುಗ್ಗಿಸಬಹುದು. ಪಾಲಿಸ್ಟರ್ ಮಿಕ್ಸ್ ಬಟ್ಟೆ ಕುಗ್ಗುವುದಿಲ್ಲ, ಅಷ್ಟು ಬಿಟ್ಟರೆ ಭುಜದಲ್ಲಿ ನೆರಿಗೆ ಬೀಳುತ್ತದೆ. ಅಂಥ ಬಟ್ಟೆಗೆ ಮುಕ್ಕಾಲರಿಂದ ಒಂದು ಇಂಚು ಸಾಕು.

ಇಲ್ಲಿಯವರೆಗೆ ಎರಡೂ ತುಂಡಿಗೆ ಒಂದೇ ಗೆರೆ ಇತ್ತು. ಹಾಗೇ ಕತ್ತರಿಸಿದರೆ ಮುಂದಿನ ಹೊಲಿಗೆ ತೋಳಿನ ಅಂಚಿನಲ್ಲೇ ಕಾಣುತ್ತದೆ. ಅದಕ್ಕೆ ಮುಂದಿನ ಹೊಲಿಗೆಯನ್ನು ಒಳಕ್ಕೆ ತಳ್ಳಬೇಕು: ಮೇಲಿನ ತುಂಡಿಗೆ ಉದ್ದಕ್ಕೂ ¾ ಇಂಚು ಹೊರಗೆ ಸೇರಿಸಿ, ಕೆಳಗಿನ ತುಂಡಿನಿಂದ ಅಷ್ಟನ್ನೇ ತೆಗೆಯಿರಿ. ಕೆಲವು ಮಾಸ್ಟರ್‌ಗಳು ಇಲ್ಲಿ ಪೂರ್ತಿ ಒಂದು ಇಂಚು ಸರಿಸುತ್ತಾರೆ. ಹೊಲಿಗೆ ಚೆನ್ನಾಗಿ ಮರೆಯಾಗುತ್ತದೆ ನಿಜ. ಆದರೆ ಸರಿಸಿದಷ್ಟೂ ಮೇಲಿನ ತುಂಡಿನ ಅಂಚು ಮೊಣಕೈ ತಿರುವಿನಲ್ಲಿ ಬಿಗಿಯಾಗುತ್ತದೆ, ಇಸ್ತ್ರಿಯಲ್ಲಿ ಎಳೆದು ಉದ್ದ ಮಾಡಬೇಕು. ¾ ಸರಿಸಿದರೂ ಕಾಲು ಇಂಚಿನಷ್ಟು ಎಳೆಯಲೇಬೇಕು. ಎಳೆಯಲು ಬಾರದ ಬಟ್ಟೆಯಾದರೆ ಮೊಣಕೈ ಬಾಗನ್ನೇ ½ಕ್ಕೆ ಇಳಿಸಿ.

ಹಿಂದೆ ಮಾತ್ರ ಹೀಗೆ ಉದ್ದಕ್ಕೂ ಸರಿಸಬಾರದು. ಮೇಲಿನ ಗುರುತಿನ ಹತ್ತಿರ ¾ ಸರಿಸಿ, ಇಳಿಯುತ್ತಾ ಕಡಿಮೆ ಮಾಡುತ್ತಾ, ವೆಂಟ್ ಶುರುವಾಗುವ ಮೊದಲೇ ಸೊನ್ನೆಗೆ ತನ್ನಿ. ವೆಂಟ್ ಇರುವ ಕಡೆ ಎರಡೂ ತುಂಡಿನ ಗೆರೆ ಒಂದೇ ಆಗಿರಬೇಕು. ಇಲ್ಲೂ ಸರಿಸಿದರೆ ಮೇಲಿನ ತುಂಡಿನ ಮಡಿಕೆ ಒಳಗೆ ತಿರುಗಿಕೊಂಡು ಗುಂಡಿಗಳು ಕೈಯ ಅಡಿಗೆ ಹೋಗುತ್ತವೆ.

ವೆಂಟಿನ ಉದ್ದ 4½ ಇಡಿ. ಮೊದಲ ಗುಂಡಿ ಅಂಚಿನಿಂದ 1½ ಮೇಲೆ, ಆಮೇಲೆ ¾ಕ್ಕೊಂದು. ಕೊನೆಯದು 3¾ರಲ್ಲಿ ಬರುತ್ತದೆ. 15 ಮಿಲಿಮೀಟರ್ ಗುಂಡಿಗೆ ಈ ಅಂತರ ಸರಿಹೋಗುತ್ತದೆ. ಎರಡೂ ತುಂಡಿಗೆ ಗೆರೆಯಿಂದ ಹೊರಗೆ 1½ ಇಂಚು ಪಟ್ಟಿ ಸೇರಿಸಿ, ತುದಿಗೂ 1½ ಮಡಿಕೆ ಬಿಡಿ. ಮೇಲಿನ ತುಂಡಿನ ಪಟ್ಟಿ ಒಳಕ್ಕೆ ಮಡಚುತ್ತದೆ, ಕಾಜಾ ಇದರ ಮೇಲೆ, ಮಡಿಕೆಯಿಂದ ½ ಇಂಚು ಒಳಗೆ. ಕೆಳಗಿನ ತುಂಡಿನ ಪಟ್ಟಿ ಗೆರೆಯ ಮೇಲೆ ಮಡಚುವುದಿಲ್ಲ. ಮೇಲಿನದರ ಅಡಿಗೆ ಹಾಗೇ ಚಾಚುತ್ತದೆ, ಗುಂಡಿ ಅದರ ಮೇಲೆ, ಗೆರೆಯಿಂದ ಪಟ್ಟಿಯ ಕಡೆ ½ ಇಂಚಿಗೆ. ಎಡ ತೋಳು, ಬಲ ತೋಳು ಎರಡಕ್ಕೂ ಇದೇ ಲೆಕ್ಕ, ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಕತ್ತರಿಸಿ.

ಮೇಲಿನ ತುಂಡಿನ ಮೂಲೆಗೆ ಸುಲಭದ ದಾರಿ ಇದೆ. ಪಟ್ಟಿಯನ್ನೂ ತುದಿಯನ್ನೂ ಮಡಚಿ ಇಸ್ತ್ರಿ ಹಾಕಿ. ಎರಡರ ಅಂಚು ಒಂದನ್ನೊಂದು ಮುಟ್ಟುವ ಕಡೆ ಎರಡರಲ್ಲೂ ಚಾಕ್ ಗುರುತು ಹಾಕಿ. ಬಿಚ್ಚಿ, ಎರಡೂ ಗುರುತನ್ನು ಮೂಲೆಯ ಜೊತೆ ಸೇರಿಸಿದರೆ ಅದೇ ಹೊಲಿಗೆ ಗೆರೆ. ಪಟ್ಟಿ ಮತ್ತು ತುದಿಯ ಅಗಲ ಬೇರೆ ಬೇರೆ ಇದ್ದರೂ ಇದು ಸರಿ ಬರುತ್ತದೆ. ಮಡಚುವ ಮೊದಲು ಎರಡೂ ತುಂಡಿನ ತುದಿಗೆ ತೆಳು ಕ್ಯಾನ್ವಾಸ್ ಹಾಕಿ, ಮಡಿಕೆ ಗೆರೆ ದಾಟಿ ಅರ್ಧ ಇಂಚು ಒಳಗೆ ಬರಲಿ. ಕಾಜಾಕ್ಕೆ ಅದರ ಆಸರೆ ಬೇಕೇ ಬೇಕು.

ಹಿಂದಿನ ಹೊಲಿಗೆಯನ್ನು ವೆಂಟಿನ ನೆತ್ತಿವರೆಗೆ ತಂದು, ಅಲ್ಲಿಂದ ಓರೆಯಾಗಿ ಪಟ್ಟಿಯ ಮೇಲೆ ಹಾಯಿಸಿ. ಆ ಮೂಲೆಯಲ್ಲಿ ಕೆಳಗಿನ ತುಂಡಿನ ಮಾರ್ಜಿನ್ನಿಗೆ ಮಾತ್ರ ಕತ್ತರಿ ಹಾಕಿ. ಆಗ ವೆಂಟಿಗಿಂತ ಮೇಲಿನ ಹೊಲಿಗೆ ಎರಡು ಕಡೆಗೆ ಬಿಡಿಸಿ ಇಸ್ತ್ರಿಯಾಗುತ್ತದೆ, ಪಟ್ಟಿ ಮೇಲಿನ ತುಂಡಿನ ಕಡೆಗೆ ಮಲಗುತ್ತದೆ. ಇದನ್ನು ಮರೆತರೆ ವೆಂಟಿನ ನೆತ್ತಿಯಲ್ಲಿ ಒಂದು ಗಂಟು ನಿಲ್ಲುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ.

ಶರ್ಟಿನ ಹಾಗೆ ಬಟ್ಟೆ ಸೀಳಿ ಬೇರೆ ಪಟ್ಟಿ ಕೂರಿಸಿ ಅಂತ ಸಲಹೆ ಕೊಟ್ಟ ಅಕ್ಕನಿಗೆ: ನೀವು ಹೇಳಿದ್ದು ಒಂದೇ ತುಂಡಿನ ತೋಳಿಗೆ, ಕುರ್ತಾಗೆ ಸರಿ. ಇಲ್ಲಿ ಹಿಂದೆ ಹೊಲಿಗೆ ಇದ್ದೇ ಇದೆ, ಸೀಳುವ ಕೆಲಸ ಇಲ್ಲ. ಮಗನ ಸ್ಕೂಲ್ ಬ್ಲೇಜರ್ ತೋಳು ಇಳಿಸಬಹುದಾ ಅಂತ ಕೇಳಿದವರಿಗೆ: ಅದರಲ್ಲಿ ಗುಂಡಿ ಸುಮ್ನೆ ಮೇಲೆ ಹೊಲಿದಿದ್ದರೆ, ಒಳಗೆ ಮಡಿಕೆ ಬಟ್ಟೆ ಉಳಿದಿದ್ದರೆ ಗುಂಡಿ ಬಿಚ್ಚಿ ಇಳಿಸಬಹುದು. ಕಾಜಾ ಕತ್ತರಿಸಿದ್ದರೆ ಆಗುವುದಿಲ್ಲ, ಗುಂಡಿಗಳ ಸಾಲು ಅಂಚಿನಿಂದ ದೂರ ಹೋಗಿಬಿಡುತ್ತದೆ.

ನಿಮಗೂ ಅದೇ ಎಚ್ಚರ ಬೇಕು. ಕಾಜಾ ಕತ್ತರಿಸಿದ ಮೇಲೆ ಉದ್ದ ಬದಲಿಸಲು ತೋಳನ್ನು ಭುಜದಲ್ಲೇ ಬಿಚ್ಚಬೇಕು. ಹಾಗಾಗಿ ಎರಡೂ ತೋಳನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ತಮ್ಮ ಯಾವ ಶರ್ಟ್ ಹಾಕುತ್ತಾನೋ ಅದೇ ಶರ್ಟಿನ ಮೇಲೆ ಟ್ರಯಲ್ ನೋಡಿ. ಎರಡು ಕೈ ಒಂದೇ ಉದ್ದ ಇರುತ್ತವೆ ಅಂತ ನಂಬಬೇಡಿ, ಬೇರೆ ಬೇರೆಯಾಗಿ ಗುರುತು ಹಾಕಿ. ತೋಳು ತಾನಾಗಿ ತೂಗಿದಾಗ ತುದಿ ಕೆಳಜೇಬಿನ ಅರ್ಧ ಮುಚ್ಚಿದರೆ ತೋಳು ಸರಿಯಾಗಿ ಕೂತಿದೆ. ಕ್ಯಾಪಿನ ಮುಂದೆಯೋ ಹಿಂದೆಯೋ ಓರೆ ನೆರಿಗೆ ಕಂಡರೆ ಗುರುತುಗಳನ್ನು ಬಿಟ್ಟು, ತೋಳನ್ನು ಅರ್ಧ ಇಂಚಿನವರೆಗೆ ಹಿಂದೆಮುಂದೆ ತಿರುಗಿಸಿ ನೋಡಿ. ಇದೆಲ್ಲ ಆದ ಮೇಲೆ ಕಾಜಾ.

ನಾಲ್ಕೂ ಕಾಜಾ ಕತ್ತರಿಸಬೇಕಾ ಅನ್ನುವುದರಲ್ಲಿ ಮೇಲೆ ಬರೆದ ಮಾಸ್ಟರ್‌ಗೂ ನನಗೂ ಒಂದೇ ಅಭಿಪ್ರಾಯ ಇಲ್ಲ. ಕೆಳಗಿನ ಎರಡು ಬಿಚ್ಚುವಂತೆ ಮಾಡಿ, ಮೇಲಿನ ಎರಡಕ್ಕೆ ಕಾಜಾದ ದಾರ ಮಾತ್ರ ಹಾಕಿ ಕತ್ತರಿಸದೆ ಬಿಡಿ ಅನ್ನುತ್ತಾರೆ ಅವರು. ಮುಂದೆ ಉದ್ದ ತಿದ್ದಲು ಸ್ವಲ್ಪ ದಾರಿ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ, ಅವರು ನನಗಿಂತ ಜಾಸ್ತಿ ಕೋಟು ಕತ್ತರಿಸಿದವರು. ನನಗೆ ಮಾತ್ರ, ಕೆಳಗಿನ ಎರಡು ಕತ್ತರಿಸಿದ ಮೇಲೆ ಉಳಿಯುವ ದಾರಿ ತೀರಾ ಕಡಿಮೆ ಅನಿಸುತ್ತದೆ. ಟ್ರಯಲ್ ಗಟ್ಟಿಯಾಗಿದ್ದರೆ ನಾಲ್ಕನ್ನೂ ಕತ್ತರಿಸುತ್ತೇನೆ.

ಲೈನಿಂಗ್ ಬಗ್ಗೆ ಈಗ ಬರೆದಿಲ್ಲ, ವೆಂಟ್ ಇರುವ ತೋಳಿಗೆ ಅದನ್ನು ಪಟ್ಟಿಯ ಅಂಚಿಗೆ ಕೈಯಲ್ಲೇ ಹೊಲಿಯಬೇಕಾಗುತ್ತದೆ. ಬಟ್ಟೆ ಪೂರ್ತಿ ಉಣ್ಣೆಯಾ ಮಿಕ್ಸಾ ಅಂತ ಮೊದಲು ಹೇಳಿ. ಮಿಕ್ಸ್ ಆದರೆ ಕತ್ತರಿಸುವ ಮೊದಲೇ ಕ್ಯಾಪ್ ಇಳಿಸಬೇಕು.