ಪಂದಿ ನೆನೆಸಿದ ಮಸಾಲೆ ಉಳಿದ್ರೆ ಏನ್ ಮಾಡೋದು?

ಪ್ರಶ್ನೆ: ಎರಡು ಕೆಜಿ ಪಂದಿಗೆ ಕಾಚಂಪುಳಿ, ಕರಿಮೆಣಸು, ಬೆಳ್ಳುಳ್ಳಿ ಹಾಕಿ ರಾತ್ರಿ ಫ್ರಿಡ್ಜಲ್ಲಿಟ್ಟು ಮಾರನೇ ದಿನ ಕೆಂಡದ ಮೇಲೆ ಸುಡ್ತೀವಿ. ತಳದಲ್ಲಿ ಉಳಿಯೋ ಮಸಾಲೆನ ಸುಡುವಾಗ ಸವರಬಹುದಾ? ಮುಂದಿನ ವಾರ ಕೋಳಿಗೆ ಇಟ್ಕೊಬಹುದಾ? ಹುಳಿ ಇರೋದ್ರಿಂದ ಏನೂ ಆಗಲ್ಲ ಅಂತಾರೆ ಅತ್ತೆ. (ವಿರಾಜಪೇಟೆ)

ಉತ್ತರ: ಮುಂದಿನ ವಾರಕ್ಕೆ ಖಂಡಿತ ಬೇಡ. ಸವರೋದಕ್ಕೂ ಹಸಿಯಾಗಿ ಬೇಡ, ಕುದಿಸಿದ್ರೆ ಆಗುತ್ತೆ.

ನಿಮ್ಮತ್ತೆ ಹೇಳೋದು ಬಾಟಲಿಯಲ್ಲಿರೋ ಕಾಚಂಪುಳಿಗೆ ಸರಿ, ಅದು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿದ ಹುಳಿ, ಅದಕ್ಕೇ ವರ್ಷಗಟ್ಟಲೆ ಕೆಡಲ್ಲ. ಆದ್ರೆ ನೀವು ಎರಡು ಕೆಜಿ ಮಾಂಸಕ್ಕೆ ಹಾಕೋದು ಒಂದೆರಡು ಚಮಚ, ರಾತ್ರಿಯಿಡೀ ಮಾಂಸ ಬಿಡೋ ನೀರು, ರಕ್ತ ಎಲ್ಲ ಸೇರಿ ಹುಳಿ ತೆಳುವಾಗುತ್ತೆ. ಆ ಹುಳಿ ರುಚಿ ಕೊಡುತ್ತೆ, ಮಾಂಸದ ಮೇಲಿನ ಪದರ ಮೆತ್ತಗೆ ಮಾಡುತ್ತೆ, ಆದ್ರೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾನ ಕೊಲ್ಲುತ್ತೆ ಅಂತ ನಂಬೋಕಾಗಲ್ಲ. ಫ್ರಿಡ್ಜೂ ಕೊಲ್ಲಲ್ಲ, ಬೆಳವಣಿಗೆ ನಿಧಾನ ಮಾಡುತ್ತೆ ಅಷ್ಟೇ, ಅದರಲ್ಲೂ ಹಂದಿಮಾಂಸದಲ್ಲಿ ಸಿಗೋ ಯೆರ್ಸಿನಿಯಾ ಅನ್ನೋ ಬ್ಯಾಕ್ಟೀರಿಯಾ 4 ಡಿಗ್ರಿ ಚಳಿಯಲ್ಲೂ ಬೆಳೆಯುತ್ತೆ. ವಾರ ಇಟ್ರೆ ವಾಸನೆ ಬರದೇನೂ ಇರಬಹುದು, ಹಾಗಾಗಿ ಮೂಸಿ ನೋಡಿ ತೀರ್ಮಾನ ಮಾಡೋಕಾಗಲ್ಲ.

ಸುಲಭದ ದಾರಿ ಅಂದ್ರೆ, ಮಸಾಲೆ ಅರೆದ ತಕ್ಷಣ, ಮಾಂಸ ಮುಟ್ಟೋಕೆ ಮುಂಚೆ, ಕಾಲು ಭಾಗ ಬೇರೆ ಬಟ್ಟಲಿಗೆ ತೆಗೆದು ಮುಚ್ಚಿ ಫ್ರಿಡ್ಜಲ್ಲಿಡಿ, ಸವರೋಕೆ ಅದೇ ಸಾಕು. ಆದ್ರೆ ಬ್ರಷ್ ಹಸಿ ಮಾಂಸಕ್ಕೆ ತಾಗಿ ಮತ್ತೆ ಬಟ್ಟಲಿಗೆ ಬಿದ್ರೆ ಅದೂ ಹಸಿ ಮಸಾಲೆನೇ ಆಯ್ತು. ಅದಕ್ಕೆ ಎರಡು ಬ್ರಷ್ ಇಟ್ಕೊಳ್ಳಿ. ಶುರುವಿನಲ್ಲಿ ಸಣ್ಣ ಬಟ್ಟಲಿಗೆ ಸ್ವಲ್ಪ ಸುರಿದು ಒಂದರಿಂದ ಸವರಿ, ಹೊರಮೈ ಬೆಂದ ಮೇಲೆ ತೊಳೆದ ಇನ್ನೊಂದು. ತಟ್ಟೆ, ಇಕ್ಕಳನೂ ಹಾಗೇ, ಹಸಿ ತುಂಡು ತಂದ ತಟ್ಟೆಗೆ ಬೆಂದಿದ್ದನ್ನ ಹಾಕ್ಬೇಡಿ.

ತೆಗೆದಿಡೋದು ಮರೆತ್ರೆ ತಳದ ಮಸಾಲೆನ ಚಿಕ್ಕ ಪಾತ್ರೆಗೆ ಹಾಕಿ, ಸ್ವಲ್ಪ ನೀರು ಸೇರಿಸಿ, ಕೈಯಾಡಿಸ್ತಾ ಕುದಿಸಿ. ಮೊದಲು ಬೂದು ನೊರೆ, ಗಂಟುಗಂಟು ಬರುತ್ತೆ, ಅದು ಮಾಂಸದ ಪ್ರೋಟೀನ್, ಹೆದರ್ಬೇಡಿ. ಅಂಚಲ್ಲಿ ಮಾತ್ರ ಗುಳ್ಳೆ ಬಂದ್ರೆ ಸಾಲದು, ಪೂರ್ತಿ ಉಕ್ಕಿ ಕುದಿಯಲಿ, ಒಂದೆರಡು ನಿಮಿಷ ಹಾಗೇ ಬಿಡಿ. ಅದನ್ನ ಅವತ್ತೇ ಮುಗಿಸಿ. ಹಸಿ ಮಸಾಲೆನ ಕೊನೆಗೆ ಸವರಿ ಇಳಿಸೋದೇ ದೊಡ್ಡ ತಪ್ಪು, ಒಳಗೆ ಮಾಂಸ ಬೆಂದಿರುತ್ತೆ, ಮೇಲಿನ ಆ ಒದ್ದೆ ಪದರಕ್ಕೆ ಬಿಸಿ ಸರಿಯಾಗಿ ತಾಗಿರಲ್ಲ.

ಕುದಿಸಿದ್ರೂ ಸರಿಹೋಗದ ಒಂದು ಸಂದರ್ಭ ಇದೆ. ನೆನೆಸಿದ ಪಾತ್ರೆ ಹೊರಗೆ ಎರಡು ಗಂಟೆ ಮೀರಿ ಇದ್ರೆ ಕೆಲವು ಬ್ಯಾಕ್ಟೀರಿಯಾ ವಿಷ ಬಿಟ್ಟಿರಬಹುದು, ಅದು ಕುದಿಯಲ್ಲೂ ಹೋಗಲ್ಲ, ಮಾಂಸ ಮಸಾಲೆ ಎರಡನ್ನೂ ಎಸೀರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದ್ರೆ ಬಾಗಿಲು ತೆಗೀದೇ ಇದ್ರೆ ಫ್ರಿಡ್ಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತೆ, ಅದಕ್ಕಿಂತ ಹೆಚ್ಚು ಹೊತ್ತು ಹೋದ್ರೆ ಆ ಮಾಂಸನೂ ಉಳಿಸ್ಬೇಡಿ.